ಬಲಕ್ಕೆ ಸರಿಯುವ ರೇಖೆ, ಕೆಳಗೆ ಕುಸಿಯುವ ರೇಖೆ: ಅಟ್ರೋಪಿನ್‌ಗೆ ನಿಗದಿತ ಡೋಸ್ ಏಕಿಲ್ಲ?

ದೊಡವಾಡ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದಿಂದ ಹೋಗಿ ಫಾರ್ಮಸಿ, ನರ್ಸಿಂಗ್, ವೈದ್ಯಕೀಯ ಓದುತ್ತಿರುವ ಎಲ್ಲ ವಿದ್ಯಾರ್ಥಿಗಳಿಗೆ,

ಕೀಟನಾಶಕದ ವಿಷ ಏರಿ ಆಸ್ಪತ್ರೆ ಸೇರಿದ ರೋಗಿಗೆ ಕೊಡುವ ಅಟ್ರೋಪಿನ್‌ಗೆ ‘ಇಷ್ಟೇ’ ಎಂಬ ಡೋಸ್ ಇಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ಬಾಯಿ, ಗಂಟಲಿನ ಸ್ರಾವ ಒಣಗಿಸಲು 0.6 ಮಿಲಿಗ್ರಾಂನ ಒಂದು ಆಂಪ್ಯೂಲ್ ಸಾಕಾಗುತ್ತದೆ. ಅದೇ ಔಷಧ, ಅದೇ ರಿಸೆಪ್ಟರ್, ಆದರೆ ವಿಷಪ್ರಾಶನದ ರೋಗಿಗೆ ಮೊದಲ ಅರ್ಧ ಗಂಟೆಯಲ್ಲೇ ಹತ್ತಾರು ಆಂಪ್ಯೂಲ್ ಬೇಕಾಗಬಹುದು. ಇನ್ನೊಂದು ಕಡೆ, ಅಡ್ರಿನಲ್ ಗ್ರಂಥಿಯ ಗಡ್ಡೆ ತೆಗೆಯುವ ಮುನ್ನ ಕೊಡುವ ಫಿನಾಕ್ಸಿಬೆಂಜಮಿನ್ ಒಮ್ಮೆ ತನ್ನ ಕೆಲಸ ಮಾಡಿತೆಂದರೆ, ಗಡ್ಡೆಯಿಂದ ಎಷ್ಟೇ ಅಡ್ರಿನಲಿನ್ ನುಗ್ಗಿದರೂ ಅದರ ತಡೆಯನ್ನು ಪೂರ್ತಿ ಮುರಿಯಲಾಗದು. ಇವೆರಡೂ ಆಂಟಾಗೊನಿಸ್ಟ್‌ಗಳೇ. ವ್ಯತ್ಯಾಸ ಇರುವುದು ಅವು ಡೋಸ್-ರೆಸ್ಪಾನ್ಸ್ ರೇಖೆಯನ್ನು ಯಾವ ದಿಕ್ಕಿಗೆ ತಳ್ಳುತ್ತವೆ ಎಂಬುದರಲ್ಲಿ. ಮೊದಲನೆಯದು ರೇಖೆಯನ್ನು ಬಲಕ್ಕೆ ಸರಿಸುತ್ತದೆ, ಎರಡನೆಯದು ಅದರ ತಲೆಯನ್ನೇ ಕೆಳಗೆ ಒತ್ತುತ್ತದೆ.

ರೇಖೆಯನ್ನು ಓದುವ ಬಗೆಯಿಂದಲೇ ಶುರು ಮಾಡಬೇಕು. ಅಗೋನಿಸ್ಟ್ ಎಂದರೆ ರಿಸೆಪ್ಟರ್‌ಗೆ ಅಂಟಿಕೊಂಡು ಅಂಗಾಂಶದಲ್ಲಿ ಪ್ರತಿಕ್ರಿಯೆ ಹುಟ್ಟಿಸುವ ವಸ್ತು. ಇಲಿಯ ಸಣ್ಣಕರುಳಿನ ಕೊನೆಯ ಭಾಗದ ಒಂದು ತುಂಡನ್ನು ಬೆಚ್ಚಗಿನ ಲವಣದ್ರಾವಣದಲ್ಲಿ ತೂಗುಹಾಕಿ ಅಸಿಟೈಲ್‌ಕೋಲಿನ್ ಹಾಕಿದರೆ ಕರುಳು ಸಂಕುಚಿಸುತ್ತದೆ. ಪ್ರಮಾಣ ಏರಿಸುತ್ತ ಹೋದಂತೆ ಸಂಕೋಚನವೂ ಏರುತ್ತದೆ. ಒಂದು ಹಂತದ ನಂತರ ಎಷ್ಟು ಹಾಕಿದರೂ ಹೆಚ್ಚಾಗುವುದಿಲ್ಲ. ಅಡ್ಡ ಅಕ್ಷದಲ್ಲಿ ಪ್ರಮಾಣದ ಲಾಗರಿದಮ್, ನಿಲುವು ಅಕ್ಷದಲ್ಲಿ ಗರಿಷ್ಠದ ಶೇಕಡಾವಾರು ಸಂಕೋಚನ ಇಟ್ಟು ಬಿಂದುಗಳನ್ನು ಜೋಡಿಸಿದರೆ ‘ಎಸ್’ ಆಕಾರದ ರೇಖೆ ಬರುತ್ತದೆ. ಆ ರೇಖೆಯಲ್ಲಿ ನೋಡಬೇಕಾದದ್ದು ಎರಡೇ ಸಂಗತಿ. ಒಂದು, ಅದು ಎಷ್ಟು ಎತ್ತರಕ್ಕೆ ಹೋಗಿ ನಿಂತಿದೆ, ಅಂದರೆ ಗರಿಷ್ಠ ಪ್ರತಿಕ್ರಿಯೆ. ಇನ್ನೊಂದು, ಆ ಎತ್ತರದ ಅರ್ಧಕ್ಕೆ ಮುಟ್ಟಲು ಎಷ್ಟು ಪ್ರಮಾಣ ಬೇಕಾಯಿತು, ಅಂದರೆ ಇಸಿ50. ಎಡ-ಬಲದ ಸರಿದಾಟ ಇಸಿ50ರ ಮಾತು, ಮೇಲೆ-ಕೆಳಗಿನ ಬದಲಾವಣೆ ಗರಿಷ್ಠದ ಮಾತು.

ಲಾಗರಿದಮ್ ಅಕ್ಷ ಇಲ್ಲಿ ಬರೀ ಅನುಕೂಲಕ್ಕಲ್ಲ. ಸಾಮಾನ್ಯ ಅಕ್ಷದ ಮೇಲೆ ಎರಡು ಪಟ್ಟಿನ ಅಂತರ ಒಂದೊಂದು ಕಡೆ ಒಂದೊಂದು ಅಳತೆಯಾಗಿ ಕಾಣುತ್ತದೆ. ಲಾಗರಿದಮ್ ಅಕ್ಷದ ಮೇಲೆ ಎರಡು ಪಟ್ಟು ಎಂಬುದು ರೇಖೆಯ ಬುಡದಲ್ಲೂ ನೆತ್ತಿಯಲ್ಲೂ ಒಂದೇ ಅಗಲ. ಆದ್ದರಿಂದಲೇ ಪ್ರತಿಯೊಂದು ಪ್ರತಿಕ್ರಿಯೆಗೂ ಇಷ್ಟು ಪಟ್ಟು ಹೆಚ್ಚು ಅಗೋನಿಸ್ಟ್ ಬೇಕಾದಾಗ ಇಡೀ ರೇಖೆ ಆಕಾರ ಕೆಡದೆ, ಸಮಾಂತರವಾಗಿ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಸಾಮಾನ್ಯ ಗ್ರಾಫ್ ಹಾಳೆಯಲ್ಲಿ ಬರೆದು ‘ಸಮಾಂತರತೆ ಕಾಣಲಿಲ್ಲ’ ಎಂದು ತೀರ್ಮಾನಿಸಿದ ಜರ್ನಲ್ ತಪ್ಪಾಗುವುದು ಇಲ್ಲಿಯೇ.

ಸ್ಪರ್ಧಾತ್ಮಕ ಆಂಟಾಗೊನಿಸ್ಟ್ ಅಗೋನಿಸ್ಟ್ ಕೂರುವ ಜಾಗದಲ್ಲೇ ಕೂರುತ್ತದೆ, ಆದರೆ ಗಟ್ಟಿಯಾಗಿ ಕಚ್ಚಿಕೊಳ್ಳುವುದಿಲ್ಲ. ಕೂರುತ್ತದೆ, ಏಳುತ್ತದೆ, ಮತ್ತೆ ಕೂರುತ್ತದೆ. ಖಾಲಿಯಾದ ಜಾಗವನ್ನು ಮುಂದಿನ ಕ್ಷಣ ಯಾರು ಹಿಡಿಯುತ್ತಾರೆ ಎಂಬುದು ಇಬ್ಬರ ಸಂಖ್ಯೆ ಮತ್ತು ಇಬ್ಬರ ಹಿಡಿತದ ಬಲದ ಮೇಲೆ ನಿಂತಿದೆ. ಹಾಗಾಗಿ ಅಗೋನಿಸ್ಟ್ ಪ್ರಮಾಣವನ್ನು ಸಾಕಷ್ಟು ಏರಿಸಿದರೆ ಅದು ಎಲ್ಲ ಜಾಗಗಳನ್ನೂ ಹಿಂದಕ್ಕೆ ಪಡೆಯುತ್ತದೆ. ಗರಿಷ್ಠ ಪ್ರತಿಕ್ರಿಯೆ ಮೊದಲಿನಷ್ಟೇ ಇರುತ್ತದೆ, ಅಲ್ಲಿಗೆ ತಲುಪಲು ಹೆಚ್ಚು ಪ್ರಮಾಣ ಬೇಕು, ಅಷ್ಟೆ. ಅಸಿಟೈಲ್‌ಕೋಲಿನ್ ಮತ್ತು ಅಟ್ರೋಪಿನ್ ನಡುವಿನ ಈ ಸಂಬಂಧವನ್ನು ಎ.ಜೆ. ಕ್ಲಾರ್ಕ್ 1926ರಲ್ಲೇ ಕಪ್ಪೆಯ ಹೃದಯದ ಮೇಲೆ ಅಳೆದು ತೋರಿಸಿದರು. ಜೆ.ಎಚ್. ಗ್ಯಾಡಮ್ 1937ರಲ್ಲಿ ಅದಕ್ಕೆ ಸಮೀಕರಣ ಕೊಟ್ಟರು. ಹೈಂಜ್ ಶಿಲ್ಡ್ 1947ರಲ್ಲಿ ಪಿಎ2 ಎಂಬ ಅಳತೆಯನ್ನು ತಂದರು, 1959ರಲ್ಲಿ ಅರುಣಲಕ್ಷಣ ಅವರೊಡನೆ ಸೇರಿ ಇಂದು ಶಿಲ್ಡ್ ಪ್ಲಾಟ್ ಎಂದು ಕರೆಯುವ ನಕ್ಷೆಯನ್ನು ರೂಪಿಸಿದರು.

ಆ ನಕ್ಷೆಯ ತಿರುಳು ಡೋಸ್ ರೇಷಿಯೊ. ಆಂಟಾಗೊನಿಸ್ಟ್ ಇದ್ದಾಗಿನ ಇಸಿ50ಯನ್ನು ಅದು ಇಲ್ಲದಾಗಿನ ಇಸಿ50ಯಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅದು. ಸ್ಪರ್ಧೆ ಶುದ್ಧವಾಗಿದ್ದರೆ ಈ ಸಂಬಂಧ ಹಿಡಿಯುತ್ತದೆ:

log(DR − 1) = log[B] − log K_B

ಇಲ್ಲಿ DR ಡೋಸ್ ರೇಷಿಯೊ, [B] ಆಂಟಾಗೊನಿಸ್ಟ್‌ನ ಸಾಂದ್ರತೆ. K_B ಎಂದರೆ ಅಗೋನಿಸ್ಟ್ ಇಲ್ಲದಿರುವಾಗ ಅರ್ಧ ರಿಸೆಪ್ಟರ್‌ಗಳನ್ನು ಹಿಡಿಯಲು ಆಂಟಾಗೊನಿಸ್ಟ್‌ಗೆ ಬೇಕಾದ ಸಾಂದ್ರತೆ.

ಒಂದು ಲೆಕ್ಕ ಮಾಡಿ ನೋಡಿದರೆ ಇದು ಹಗುರಾಗುತ್ತದೆ. ಕರುಳಿನ ತುಂಡಿಗೆ ಅಸಿಟೈಲ್‌ಕೋಲಿನ್ ಒಂದನ್ನೇ ಕೊಟ್ಟಾಗ ಅರ್ಧ ಸಂಕೋಚನ 0.1 ಮೈಕ್ರೊಮೋಲಾರ್‌ನಲ್ಲಿ ಬಂತು ಎಂದುಕೊಳ್ಳೋಣ. ಅಟ್ರೋಪಿನ್‌ನ K_B ಸುಮಾರು 1 ನ್ಯಾನೊಮೋಲಾರ್. ದ್ರಾವಣಕ್ಕೆ 1 ನ್ಯಾನೊಮೋಲಾರ್ ಅಟ್ರೋಪಿನ್ ಸೇರಿಸಿ, ಅದು ಸಮಸ್ಥಿತಿಗೆ ಬರುವಷ್ಟು ಹೊತ್ತು ಕಾದು, ಮತ್ತೆ ಅಸಿಟೈಲ್‌ಕೋಲಿನ್ ಏರಿಸುತ್ತ ಹೋದರೆ ಅರ್ಧ ಸಂಕೋಚನ 0.2 ಮೈಕ್ರೊಮೋಲಾರ್‌ಗೆ ಬರುತ್ತದೆ. ಡೋಸ್ ರೇಷಿಯೊ 2. ಅಟ್ರೋಪಿನ್ 10 ನ್ಯಾನೊಮೋಲಾರ್ ಆದರೆ ಅದು 1.1 ಮೈಕ್ರೊಮೋಲಾರ್‌ಗೆ ಸರಿಯುತ್ತದೆ, ರೇಷಿಯೊ 11. ಅಟ್ರೋಪಿನ್ 100 ನ್ಯಾನೊಮೋಲಾರ್ ಆದರೆ 10.1 ಮೈಕ್ರೊಮೋಲಾರ್, ರೇಷಿಯೊ 101. ರೇಷಿಯೊದಿಂದ ಒಂದನ್ನು ಕಳೆದರೆ 1, 10, 100. ಅವುಗಳ ಲಾಗರಿದಮ್ 0, 1, 2. ಅಟ್ರೋಪಿನ್ ಹತ್ತು ಪಟ್ಟು ಏರಿದಾಗಲೆಲ್ಲ ಈ ಸಂಖ್ಯೆ ಸರಿಯಾಗಿ ಒಂದೊಂದು ಮೆಟ್ಟಿಲು ಏರುತ್ತದೆ. ಬಿಂದುಗಳು ಸರಳರೇಖೆಯಲ್ಲಿ ಕೂರುತ್ತವೆ, ಅದರ ಇಳಿಜಾರು 1. ಆ ಸರಳರೇಖೆ ಅಡ್ಡ ಅಕ್ಷವನ್ನು ಕತ್ತರಿಸುವ ಜಾಗದಲ್ಲಿ ರೇಷಿಯೊ 2 ಇರುತ್ತದೆ. ಅಲ್ಲಿನ ಸಾಂದ್ರತೆಯ ಲಾಗರಿದಮ್‌ನ ಋಣಚಿಹ್ನೆ ತೆಗೆದರೆ ಪಿಎ2 ಸಿಗುತ್ತದೆ. ಈ ಲೆಕ್ಕದಲ್ಲಿ ಅದು 9. ಮೂರೂ ಸಾಂದ್ರತೆಗಳಲ್ಲಿ ಅಸಿಟೈಲ್‌ಕೋಲಿನ್‌ನ ಗರಿಷ್ಠ ಸಂಕೋಚನ ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ ಎಂಬುದನ್ನು ಮರೆಯಬಾರದು.

ಬಿ.ಫಾರ್ಮ್ 5ನೇ ಸೆಮಿಸ್ಟರ್‌ನ ಫಾರ್ಮಕಾಲಜಿ ಪ್ರಾಯೋಗಿಕ ಪಠ್ಯದಲ್ಲಿ ಎರಡು ಪ್ರಯೋಗಗಳನ್ನು ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ: ಕಪ್ಪೆಯ ಹೊಟ್ಟೆಯ ಸ್ನಾಯುವಿನ ಮೇಲೆ ಅಸಿಟೈಲ್‌ಕೋಲಿನ್ ರೇಖೆಗೆ ಫೈಸೊಸ್ಟಿಗ್ಮಿನ್ ಏನು ಮಾಡುತ್ತದೆ, ಇಲಿಯ ಕರುಳಿನ ಮೇಲೆ ಅದೇ ರೇಖೆಗೆ ಅಟ್ರೋಪಿನ್ ಏನು ಮಾಡುತ್ತದೆ. ಈಗ ಇವನ್ನು ಜೀವಂತ ಅಂಗಾಂಶದ ಬದಲು ಕಂಪ್ಯೂಟರ್ ಸಿಮ್ಯುಲೇಶನ್ ಮತ್ತು ವಿಡಿಯೊಗಳಲ್ಲಿ ತೋರಿಸುತ್ತಾರೆ. ಹಾಗಾಗಿ ಇವು ಅಂಕಗಳಿಗಾಗಿ ಬರೆದು ಮುಗಿಸುವ ಎರಡು ಪುಟಗಳಾಗಿಬಿಡುವುದುಂಟು. ಆದರೆ ಈ ಭಾಗದ ಆಸ್ಪತ್ರೆಗಳಲ್ಲಿ ನಡೆಯುವ ಒಂದು ಚಿಕಿತ್ಸೆ ಪೂರ್ತಿಯಾಗಿ ಈ ಎರಡು ಪ್ರಯೋಗಗಳ ಒಳಗೇ ಇದೆ. ಫೈಸೊಸ್ಟಿಗ್ಮಿನ್ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಅಸಿಟೈಲ್‌ಕೋಲಿನ್ ಒಡೆಯದೆ ಉಳಿಯುತ್ತದೆ. ಆದ್ದರಿಂದ ಕಡಿಮೆ ಪ್ರಮಾಣಕ್ಕೇ ಹೆಚ್ಚು ಸಂಕೋಚನ, ಅಂದರೆ ರೇಖೆ ಎಡಕ್ಕೆ. ಅಟ್ರೋಪಿನ್ ರೇಖೆಯನ್ನು ಬಲಕ್ಕೆ ತರುತ್ತದೆ.

ಎರೆಭೂಮಿಯ ಹತ್ತಿ, ಕಡಲೆ, ತೊಗರಿಗೆ ಹೊಡೆಯುವ ‘ಎಣ್ಣಿ’ಗಳಲ್ಲಿ ದೊಡ್ಡದೊಂದು ಗುಂಪು ಆರ್ಗನೊಫಾಸ್ಫೇಟ್‌ಗಳದ್ದು. ಕ್ಲೋರ್‌ಪೈರಿಫಾಸ್, ಡೈಮಿಥೋಯೇಟ್, ಮೊನೊಕ್ರೊಟೊಫಾಸ್ ಎಲ್ಲವೂ ಆ ಕುಲದವು. ಇವು ಮಾಡುವುದು ಫೈಸೊಸ್ಟಿಗ್ಮಿನ್ ಮಾಡುವ ಕೆಲಸವನ್ನೇ, ಆದರೆ ಬಹಳ ಗಟ್ಟಿಯಾಗಿ. ಕಿಣ್ವದ ಮೇಲೆ ಫಾಸ್ಫೇಟ್ ಗುಂಪೊಂದು ಕೋವೇಲೆಂಟ್ ಬಂಧದಿಂದ ಕೂತುಬಿಡುತ್ತದೆ. ನರದ ತುದಿಗಳಲ್ಲಿ ಅಸಿಟೈಲ್‌ಕೋಲಿನ್ ಗುಡ್ಡೆ ಬೀಳುತ್ತದೆ. ಮಸ್ಕರಿನಿಕ್ ರಿಸೆಪ್ಟರ್‌ಗಳಿರುವ ಕಡೆ ಜೊಲ್ಲು, ಕಣ್ಣೀರು, ಬೆವರು, ವಾಂತಿ, ಭೇದಿ ಶುರುವಾಗುತ್ತವೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ನಾಡಿ ಇಳಿಯುತ್ತದೆ. ಎಲ್ಲಕ್ಕಿಂತ ಅಪಾಯದ್ದು ಶ್ವಾಸನಾಳಗಳಲ್ಲಿ ತುಂಬುವ ದ್ರವ. ರೋಗಿ ತನ್ನದೇ ಎದೆಯ ನೀರಿನಲ್ಲಿ ಉಸಿರುಗಟ್ಟುತ್ತಾನೆ.

ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ‘ಅಟ್ರೋಪಿನ್ ಆರ್ಗನೊಫಾಸ್ಫೇಟ್‌ನ ಆಂಟಾಗೊನಿಸ್ಟ್’ ಎಂದು ಬರೆಯುವ ರೂಢಿ ಇದೆ. ಅದು ಸರಿಯಲ್ಲ, ಮತ್ತು ಈ ತಪ್ಪು ಚಿಕಿತ್ಸೆಯ ತಿಳಿವಳಿಕೆಯನ್ನೇ ಕೆಡಿಸುತ್ತದೆ. ಅಟ್ರೋಪಿನ್ ವಿಷವನ್ನು ಮುಟ್ಟುವುದಿಲ್ಲ, ಕಿಣ್ವವನ್ನೂ ಮುಟ್ಟುವುದಿಲ್ಲ. ಅದು ಮಸ್ಕರಿನಿಕ್ ರಿಸೆಪ್ಟರ್‌ನ ಮೇಲೆ ಅಸಿಟೈಲ್‌ಕೋಲಿನ್ ಜತೆ ಸ್ಪರ್ಧಿಸುತ್ತದೆ, ಅಷ್ಟೆ. ಹಾಗಾದರೆ ಎಷ್ಟು ಅಟ್ರೋಪಿನ್ ಬೇಕು ಎಂಬುದು ಎಷ್ಟು ಅಸಿಟೈಲ್‌ಕೋಲಿನ್ ಕೂಡಿದೆ ಎಂಬುದನ್ನು ಅವಲಂಬಿಸಲೇಬೇಕು. ಮೇಲಿನ ಸಮೀಕರಣವನ್ನೇ ತಿರುಗಿಸಿ ನೋಡಬಹುದು. ಅಸಿಟೈಲ್‌ಕೋಲಿನ್ ಎರಡು ಪಟ್ಟಾಗಿದ್ದರೆ ಅದರ ಪರಿಣಾಮವನ್ನು ಮೊದಲಿನ ಮಟ್ಟಕ್ಕೆ ತರಲು ರೇಖೆಯನ್ನು ಎರಡು ಪಟ್ಟು ಬಲಕ್ಕೆ ಸರಿಸಿದರೆ ಸಾಕು, ಅದಕ್ಕೆ K_Bಯಷ್ಟೇ ಅಟ್ರೋಪಿನ್ ಸಾಕು. ಹತ್ತು ಪಟ್ಟಾಗಿದ್ದರೆ K_Bಯ ಒಂಬತ್ತು ಪಟ್ಟು ಬೇಕು. ನೂರು ಪಟ್ಟಾಗಿದ್ದರೆ 99 ಪಟ್ಟು. ರೋಗಿಯ ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಷ್ಟಿದೆ ಎಂದು ಅಳೆಯುವ ಯಾವ ಉಪಕರಣವೂ ವಾರ್ಡಿನಲ್ಲಿ ಇಲ್ಲ. ಆದ್ದರಿಂದ ಡೋಸನ್ನು ಮೊದಲೇ ಲೆಕ್ಕ ಹಾಕಲು ಬರುವುದಿಲ್ಲ. ಏರಿಸುತ್ತ ಹೋಗಬೇಕು, ರೋಗಿಯ ದೇಹವೇ ಉತ್ತರ ಕೊಡುವವರೆಗೆ.

ವೈದ್ಯರು ಅನುಸರಿಸುವ ಕ್ರಮ ಹೀಗಿದೆ. ವಯಸ್ಕರಿಗೆ ಮೊದಲು 1.8ರಿಂದ 3 ಮಿಲಿಗ್ರಾಂ ರಕ್ತನಾಳದ ಮೂಲಕ ಕೊಡುತ್ತಾರೆ. ಐದು ನಿಮಿಷ ಬಿಟ್ಟು ನೋಡುತ್ತಾರೆ. ಸುಧಾರಣೆ ಸಾಲದಿದ್ದರೆ ಹಿಂದಿನ ಡೋಸಿನ ಎರಡರಷ್ಟು. ಮತ್ತೆ ಐದು ನಿಮಿಷ, ಮತ್ತೆ ಎರಡರಷ್ಟು. 1.8ರಿಂದ ಶುರು ಮಾಡಿದರೆ ಮುಂದಿನವು 3.6, 7.2, 14.4. ಹದಿನೈದು ನಿಮಿಷದಲ್ಲಿ ನಾಲ್ಕು ಡೋಸ್, ಒಟ್ಟು 27 ಮಿಲಿಗ್ರಾಂ. 0.6 ಮಿಲಿಗ್ರಾಂನ ಆಂಪ್ಯೂಲ್‌ಗಳಲ್ಲಿ ಎಣಿಸಿದರೆ 45. ತಾಲ್ಲೂಕು ಆಸ್ಪತ್ರೆಯ ಔಷಧ ದಾಸ್ತಾನು ನೋಡಿಕೊಳ್ಳುವ ಫಾರ್ಮಸಿಸ್ಟ್ ಈ ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಳ್ಳಲೇಬೇಕು. ಒಬ್ಬ ರೋಗಿಗೆ ಕಾಲು ಗಂಟೆಯಲ್ಲಿ ಖರ್ಚಾಗಬಹುದಾದ ಆಂಪ್ಯೂಲ್‌ಗಳು, ಉಳಿದೆಲ್ಲ ಬಳಕೆಗೆ ತಿಂಗಳಿಗೆ ಸಾಕಾಗಬಹುದಾದಷ್ಟು.

ನಿಲ್ಲಿಸುವ ಗುರುತುಗಳೂ ರೇಖೆಯ ಭಾಷೆಯಲ್ಲೇ ಇವೆ. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಗೊರಗೊರ ಇಲ್ಲದೆ ಉಸಿರು ತಿಳಿಯಾಗಿ ಕೇಳಬೇಕು, ನಾಡಿ 80 ದಾಟಬೇಕು, ಮೇಲಿನ ರಕ್ತದೊತ್ತಡ 80 ದಾಟಬೇಕು, ಕಂಕುಳು ಒಣಗಿರಬೇಕು, ಪಾಪೆ ಸೂಜಿಮೊನೆಯಾಗಿ ಉಳಿದಿರಬಾರದು. ಇವುಗಳಲ್ಲಿ ಎದೆಯ ಸದ್ದೇ ಮುಖ್ಯ. ಪಾಪೆ ಹಿಗ್ಗಲು ತಡವಾಗುವುದರಿಂದ ಅದನ್ನೊಂದನ್ನೇ ನಂಬಬಾರದು. ಅಲ್ಲಿಗೆ ಮುಟ್ಟಿದ ಮೇಲೆ ಒಟ್ಟು ಕೊಟ್ಟದ್ದರ ಶೇ 10ರಿಂದ 20ರಷ್ಟನ್ನು ಪ್ರತಿ ಗಂಟೆಗೆ ಡ್ರಿಪ್‌ನಲ್ಲಿ ಮುಂದುವರಿಸುತ್ತಾರೆ. ಮೇಲಿನ ಲೆಕ್ಕದಲ್ಲಿ ಅದು ಗಂಟೆಗೆ 2.7ರಿಂದ 5.4 ಮಿಲಿಗ್ರಾಂ. ಕಿಣ್ವ ಇನ್ನೂ ಸತ್ತೇ ಇದೆ, ಅಸಿಟೈಲ್‌ಕೋಲಿನ್ ಇನ್ನೂ ಏರಿಯೇ ಇದೆ. ಅಟ್ರೋಪಿನ್ ರಕ್ತದಿಂದ ಇಳಿದರೆ ಜಾಗಗಳು ಮತ್ತೆ ಅಸಿಟೈಲ್‌ಕೋಲಿನ್ ಪಾಲಾಗುತ್ತವೆ, ರೇಖೆ ಎಡಕ್ಕೆ ಮರಳುತ್ತದೆ, ಎದೆಯಲ್ಲಿ ನೀರು ಮತ್ತೆ ತುಂಬುತ್ತದೆ. ಬಾಂಗ್ಲಾದೇಶದಲ್ಲಿ 156 ರೋಗಿಗಳ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಲ್ಲೇಖಕ್ಕೆ ಅರ್ಹ. ಹಳೆಯ ಪದ್ಧತಿಯಂತೆ ಆಗಾಗ ಒಂದೇ ಅಳತೆಯ ಡೋಸ್ ಕೊಟ್ಟ ಗುಂಪಿನಲ್ಲಿ ಶೇ 22.5 ಮಂದಿ ತೀರಿಕೊಂಡರು. ಏರಿಸುತ್ತ ಹೋಗಿ ನಂತರ ಡ್ರಿಪ್ ಕೊಟ್ಟ ಗುಂಪಿನಲ್ಲಿ ಶೇ 8. ಎರಡನೇ ಗುಂಪಿಗೆ ಡ್ರಿಪ್ ಕೂಡ ಇದ್ದುದರಿಂದ ಇಡೀ ಲಾಭವನ್ನು ಏರಿಕೆಯ ಕ್ರಮವೊಂದಕ್ಕೇ ಬರೆಯಲು ಬಾರದು. ಆದರೂ ಎದುರಾಳಿಯ ಪ್ರಮಾಣಕ್ಕೆ ತಕ್ಕಂತೆ ಡೋಸ್ ಬೆಳೆಯಬೇಕು ಎಂಬ ತತ್ವಕ್ಕೆ ಇದಕ್ಕಿಂತ ಹತ್ತಿರದ ಪುರಾವೆ ಸಿಗುವುದು ಕಷ್ಟ.

ಅಟ್ರೋಪಿನ್‌ಗೆ ಒಂದು ಮಿತಿ ಇದೆ. ಸ್ನಾಯುಗಳ ಮೇಲಿನ ನಿಕೊಟಿನಿಕ್ ರಿಸೆಪ್ಟರ್‌ಗಳಲ್ಲಿ ಅದಕ್ಕೆ ಹಿಡಿತವಿಲ್ಲ. ಹೀಗಾಗಿ ಎದೆ ತಿಳಿಯಾದ ರೋಗಿಯ ಉಸಿರಾಟದ ಸ್ನಾಯುಗಳು ಸೋಲಬಹುದು. ಅದಕ್ಕೆ ಇನ್ನಷ್ಟು ಅಟ್ರೋಪಿನ್ ಉತ್ತರವಲ್ಲ, ವೆಂಟಿಲೇಟರ್ ಉತ್ತರ. ಪಠ್ಯದಲ್ಲಿ ಅಟ್ರೋಪಿನ್‌ನ ಪ್ರಯೋಗವನ್ನು ಕಪ್ಪೆಯ ಸ್ನಾಯುವಿಗೆ ಕೊಡದೆ ಇಲಿಯ ಕರುಳಿಗೆ ಕೊಟ್ಟಿರುವುದರ ಹಿಂದಿರುವುದೂ ಇದೇ ವ್ಯತ್ಯಾಸ.

ಸ್ಪರ್ಧೆ ಎರಡೂ ಕಡೆಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಹೊಲದ ಬದುವಿನ ಮೇಲಿನ ಮದಗುಣಿಕೆಯೇ ಸಾಕ್ಷಿ. ದತ್ತೂರವೆಂದೂ ಕರೆಯುವ ಈ ಗಿಡದ ಬೀಜದಲ್ಲಿ ಅಟ್ರೋಪಿನ್ ಮತ್ತು ಅದರ ಸಂಬಂಧಿ ಹಯೊಸಿನ್ ಇವೆ. ತಿಂದವರಿಗೆ ಬಾಯಿ ಒಣಗುತ್ತದೆ, ಮೈ ಕಾಯುತ್ತದೆ, ಪಾಪೆ ಹಿಗ್ಗುತ್ತದೆ, ಬುದ್ಧಿ ಕಲಕುತ್ತದೆ. ಆರ್ಗನೊಫಾಸ್ಫೇಟ್ ರೋಗಿಗೆ ಅಟ್ರೋಪಿನ್ ಮಿತಿಮೀರಿದರೂ ಇದೇ ಚಿತ್ರ ಕಾಣುತ್ತದೆ, ಕರುಳಿನ ಸದ್ದು ನಿಂತುಹೋಗುತ್ತದೆ, ಆಗ ಡ್ರಿಪ್ ನಿಲ್ಲಿಸುತ್ತಾರೆ. ಮದಗುಣಿಕೆಯ ತೀವ್ರ ವಿಷಕ್ಕೆ, ಆಯ್ದ ಸಂದರ್ಭಗಳಲ್ಲಿ, ವೈದ್ಯರು ಫೈಸೊಸ್ಟಿಗ್ಮಿನ್ ಕೊಡುವುದುಂಟು. ಅದು ಕಿಣ್ವವನ್ನು ತಡೆದು ಅಸಿಟೈಲ್‌ಕೋಲಿನ್ ಏರುವಂತೆ ಮಾಡುತ್ತದೆ, ಏರಿದ ಅಸಿಟೈಲ್‌ಕೋಲಿನ್ ಅಟ್ರೋಪಿನ್‌ನಿಂದ ಜಾಗ ಕಸಿದುಕೊಳ್ಳುತ್ತದೆ. ಒಂದು ವಿಷದಲ್ಲಿ ಕೊಂದದ್ದು ಇನ್ನೊಂದರಲ್ಲಿ ಮದ್ದಾಗುವುದು ಸಾಧ್ಯವಾಗಿರುವುದು ತಡೆ ಮೀರಬಹುದಾದದ್ದು ಆದ್ದರಿಂದ.

ಇನ್ನು ಮೀರಲಾಗದ ತಡೆ. ಇಲ್ಲಿ ಆಂಟಾಗೊನಿಸ್ಟ್ ರಿಸೆಪ್ಟರ್‌ಗಳಲ್ಲಿ ಒಂದಷ್ಟನ್ನು ಆಟದಿಂದಲೇ ಹೊರಗಿಡುತ್ತದೆ. ಉಳಿದ ರಿಸೆಪ್ಟರ್‌ಗಳು ಮೊದಲಿನಂತೆಯೇ ಕೆಲಸ ಮಾಡುತ್ತವೆ. ಆದ್ದರಿಂದ, ಹೆಚ್ಚುವರಿ ರಿಸೆಪ್ಟರ್‌ಗಳಿಲ್ಲದ ಅಂಗಾಂಶದಲ್ಲಿ, ಅರ್ಧ ರಿಸೆಪ್ಟರ್‌ಗಳು ಹೋದರೆ ಗರಿಷ್ಠ ಪ್ರತಿಕ್ರಿಯೆಯೂ ಅರ್ಧಕ್ಕೆ ಇಳಿಯುತ್ತದೆ. ಇಸಿ50 ಇದ್ದಲ್ಲೇ ಇರುತ್ತದೆ, ಏಕೆಂದರೆ ಉಳಿದವುಗಳ ಹಿಡಿತದ ಬಲ ಬದಲಾಗಿಲ್ಲ. ಅಗೋನಿಸ್ಟ್ ಸಾವಿರ ಪಟ್ಟು ಏರಿಸಿದರೂ ಹೋದ ಎತ್ತರ ಮರಳುವುದಿಲ್ಲ.

ಈ ಕುಸಿತ ಬೇರೆ ಬೇರೆ ಕಾರಣಗಳಿಂದ ಬರಬಹುದು. ಕೆಲವು ಔಷಧಗಳು ಅಗೋನಿಸ್ಟ್‌ನ ಜಾಗ ಬಿಟ್ಟು ಬೇರೆ ಕಡೆ ಕೂತು ಕೆಲಸ ಕೆಡಿಸುತ್ತವೆ. ಅರಿವಳಿಕೆಗೆ ಕೊಡುವ ಕೆಟಮಿನ್ ಎನ್‌ಎಂಡಿಎ ರಿಸೆಪ್ಟರ್‌ನ ಅಯಾನು ಹಾದಿಯೊಳಗೇ ಸಿಕ್ಕಿಕೊಳ್ಳುತ್ತದೆ. ಗ್ಲುಟಮೇಟ್ ತನ್ನ ಜಾಗದಲ್ಲಿ ಕೂತಿದ್ದರೂ ಹಾದಿ ಮುಚ್ಚಿರುತ್ತದೆ. ಇದು ಸ್ಪರ್ಧೆಯಿಲ್ಲದ ತಡೆ ಎಂಬ ಹೆಸರಿಗೆ ನಿಜವಾಗಿ ಹೊಂದುವ ಬಗೆ. ಫಿನಾಕ್ಸಿಬೆಂಜಮಿನ್ ಹಾಗಲ್ಲ. ಅದು ಆಲ್ಫಾ ರಿಸೆಪ್ಟರ್‌ನಲ್ಲಿ ಅಡ್ರಿನಲಿನ್ ಕೂರುವ ಭಾಗದಲ್ಲೇ ಕೋವೇಲೆಂಟ್ ಬಂಧದಿಂದ ಬೆಸೆದುಕೊಳ್ಳುತ್ತದೆ. ಜಾಗ ಅದೇ, ಆದರೆ ಏಳುವುದಿಲ್ಲ. ರೇಖೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ: ತಲೆ ಕುಸಿದ ರೇಖೆ. ಆದ್ದರಿಂದ ಕುಸಿದ ರೇಖೆಯನ್ನು ನೋಡಿ ‘ಈ ಔಷಧ ಬೇರೆ ಜಾಗದಲ್ಲಿ ಕೂರುತ್ತದೆ’ ಎಂದು ಬರೆಯುವುದು ರೇಖೆ ಹೇಳದ ಮಾತನ್ನು ಅದರ ಬಾಯಿಗೆ ಹಾಕಿದಂತೆ. ಈ ತಡೆಯನ್ನು ಅಗೋನಿಸ್ಟ್ ಮೀರಬಲ್ಲದೋ ಇಲ್ಲವೋ ಎಂಬುದನ್ನಷ್ಟೇ ರೇಖೆ ಹೇಳುತ್ತದೆ.

ಅದನ್ನೂ ಅದು ಕೆಲವೊಮ್ಮೆ ತಡವಾಗಿ ಹೇಳುತ್ತದೆ. ಅನೇಕ ಅಂಗಾಂಶಗಳಲ್ಲಿ ಪೂರ್ಣ ಪ್ರತಿಕ್ರಿಯೆಗೆ ಎಲ್ಲ ರಿಸೆಪ್ಟರ್‌ಗಳೂ ಬೇಕಾಗುವುದಿಲ್ಲ. ಮಾರ್ಕ್ ನಿಕರ್ಸನ್ 1956ರಲ್ಲಿ ಗಿನಿಯಿಲಿಯ ಕರುಳಿನಲ್ಲಿ ಹಿಸ್ಟಮಿನ್ ರಿಸೆಪ್ಟರ್‌ಗಳ ಬಹುಪಾಲನ್ನು ಹೀಗೆ ಶಾಶ್ವತವಾಗಿ ಮುಚ್ಚಿಯೂ ಪೂರ್ಣ ಸಂಕೋಚನ ಬರುವುದನ್ನು ತೋರಿಸಿದರು. ಇಂಥ ಮೀಸಲು ರಿಸೆಪ್ಟರ್‌ಗಳಿರುವ ಅಂಗಾಂಶದಲ್ಲಿ ಏನಾಗುತ್ತದೆ ಎಂದು ಒಂದು ಸರಳ ಮಾದರಿಯಲ್ಲಿ ನೋಡಬಹುದು. ಒಟ್ಟು ರಿಸೆಪ್ಟರ್‌ಗಳ ಶೇ 10 ತುಂಬಿದರೆ ಪೂರ್ಣ ಪ್ರತಿಕ್ರಿಯೆ, ಶೇ 5 ತುಂಬಿದರೆ ಅರ್ಧ ಎಂದಿರಲಿ. ಅರ್ಧ ರಿಸೆಪ್ಟರ್‌ಗಳನ್ನು ಶಾಶ್ವತವಾಗಿ ಮುಚ್ಚಿದರೂ ಶೇ 50 ಉಳಿದಿವೆ, ಬೇಕಾದದ್ದು ಶೇ 10. ಗರಿಷ್ಠ ಕುಸಿಯುವುದಿಲ್ಲ. ಉಳಿದವುಗಳಲ್ಲಿ ಹೆಚ್ಚಿನ ಪಾಲನ್ನು ತುಂಬಬೇಕಾದ್ದರಿಂದ ಅರ್ಧ ಪ್ರತಿಕ್ರಿಯೆಗೆ ಸುಮಾರು ಎರಡು ಪಟ್ಟು ಅಗೋನಿಸ್ಟ್ ಬೇಕಾಗುತ್ತದೆ. ಶೇ 80 ಮುಚ್ಚಿದರೆ ಆರು ಪಟ್ಟಿಗಿಂತ ತುಸು ಹೆಚ್ಚು, ಗರಿಷ್ಠ ಇನ್ನೂ ಹಾಗೆಯೇ. ರೇಖೆ ಬಲಕ್ಕೆ ಸರಿದಿದೆ, ತಲೆ ಎತ್ತಿಯೇ ನಿಂತಿದೆ. ಇಲ್ಲಿಗೆ ಪ್ರಯೋಗ ನಿಲ್ಲಿಸಿದವರು ಇದನ್ನು ಸ್ಪರ್ಧಾತ್ಮಕ ಎಂದೇ ಬರೆದುಕೊಳ್ಳುತ್ತಾರೆ. ಶೇ 95 ಮುಚ್ಚಿದಾಗ ಉಳಿದದ್ದು ಶೇ 5, ಅವೆಲ್ಲ ತುಂಬಿದರೂ ಅರ್ಧ ಪ್ರತಿಕ್ರಿಯೆಯೇ. ಆಗ ಮಾತ್ರ ತಲೆ ಕುಸಿಯುತ್ತದೆ.

ಹಾಗಾಗಿ ಒಂದೇ ಒಂದು ಸಾಂದ್ರತೆಯ ಆಂಟಾಗೊನಿಸ್ಟ್ ಹಾಕಿ ಬರೆದ ಎರಡು ರೇಖೆಗಳಿಂದ ತೀರ್ಪು ಕೊಡಬಾರದು. ಕನಿಷ್ಠ ಮೂರು ಸಾಂದ್ರತೆಗಳಾದರೂ ಬೇಕು. ಪಠ್ಯದಲ್ಲಿ ಇಲಿಯ ಅನೊಕಾಕ್ಸೀಜಿಯಸ್ ಸ್ನಾಯುವಿನ ಮೇಲೆ ಪ್ರಜೋಸಿನ್‌ನ ಪಿಎ2 ಕಂಡುಹಿಡಿಯುವ ಪ್ರಯೋಗವಿದೆ. ಪ್ರಜೋಸಿನ್ ಆಲ್ಫಾ ರಿಸೆಪ್ಟರ್‌ನ ಸ್ಪರ್ಧಾತ್ಮಕ ಆಂಟಾಗೊನಿಸ್ಟ್. ಫಿನಾಕ್ಸಿಬೆಂಜಮಿನ್ ಅದೇ ರಿಸೆಪ್ಟರ್ ಮೇಲೆ ಅದರ ವಿರುದ್ಧ ಬಗೆ. ಒಂದೇ ಅಂಗಾಂಶದ ಮೇಲೆ ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಭೇದ ತಿಳಿಯಾಗುತ್ತದೆ. ಪ್ರಜೋಸಿನ್‌ನ ಸಾಂದ್ರತೆ ಏರಿದಷ್ಟೂ ರೇಖೆ ಸರಿಯುತ್ತಲೇ ಹೋಗುತ್ತದೆ, ಶಿಲ್ಡ್ ಪ್ಲಾಟ್‌ನ ಇಳಿಜಾರು 1ರ ಹತ್ತಿರ ನಿಲ್ಲುತ್ತದೆ. ಫಿನಾಕ್ಸಿಬೆಂಜಮಿನ್‌ನಲ್ಲಿ ರೇಖೆ ಸ್ವಲ್ಪ ಸರಿದು ನಂತರ ಕುಸಿಯತೊಡಗುತ್ತದೆ. ಅದರ ಪರಿಣಾಮ ಸಾಂದ್ರತೆಯ ಮೇಲಷ್ಟೇ ಅಲ್ಲ, ಎಷ್ಟು ಹೊತ್ತು ಅಂಗಾಂಶದ ಜತೆ ಇತ್ತು ಎಂಬುದರ ಮೇಲೂ ನಿಂತಿದೆ. ದ್ರಾವಣ ಬದಲಿಸಿ ತೊಳೆದರೆ ಪ್ರಜೋಸಿನ್‌ನ ತಡೆ ನಿಧಾನವಾಗಿಯಾದರೂ ಇಳಿಯುತ್ತದೆ, ಫಿನಾಕ್ಸಿಬೆಂಜಮಿನ್‌ನ ತಡೆ ತೊಳೆದರೂ ಹೋಗದು. ಅದಕ್ಕೆ ಪಿಎ2 ಲೆಕ್ಕ ಹಾಕುವುದಕ್ಕೆ ಅರ್ಥವಿಲ್ಲ, ಏಕೆಂದರೆ ಆ ಲೆಕ್ಕ ಸಮಸ್ಥಿತಿಯನ್ನು ನಂಬಿ ನಿಂತದ್ದು.

ಆಂಟಾಗೊನಿಸ್ಟ್ ನಿರಪರಾಧಿಯಾಗಿದ್ದೂ ತಲೆ ಕುಸಿದಂತೆ ಕಾಣುವ ಸಂದರ್ಭಗಳಿವೆ. ಅಗೋನಿಸ್ಟ್ ಅನ್ನು ಸಾಕಷ್ಟು ಮೇಲಕ್ಕೆ ಏರಿಸದೆ ನಿಲ್ಲಿಸಿದರೆ ಬಲಕ್ಕೆ ಸರಿದ ರೇಖೆಯ ಅರ್ಧ ಮಾತ್ರ ಕಾಗದದ ಮೇಲೆ ಬರುತ್ತದೆ, ಅದು ಕುಸಿದ ರೇಖೆಯಂತೆ ಕಾಣುತ್ತದೆ. ಮೇಲಿನ ಲೆಕ್ಕದಲ್ಲಿ ರೇಷಿಯೊ 101 ಇದ್ದಾಗ 1 ಮೈಕ್ರೊಮೋಲಾರ್‌ಗೆ ನಿಲ್ಲಿಸಿದವರಿಗೆ ರೇಖೆಯ ಬುಡವಷ್ಟೇ ಕಂಡೀತು. ಅಂಗಾಂಶ ದಣಿದಿರಬಹುದು, ಅಥವಾ ಪದೇ ಪದೇ ಅಗೋನಿಸ್ಟ್ ಕಂಡು ಸ್ಪಂದನೆ ಮಂಕಾಗಿರಬಹುದು. ಇದನ್ನು ಪತ್ತೆ ಹಚ್ಚಲು ಆಂಟಾಗೊನಿಸ್ಟ್ ಹಾಕದ ಇನ್ನೊಂದು ತುಂಡನ್ನು ಅದೇ ಹೊತ್ತಿನುದ್ದಕ್ಕೂ ಜತೆಗೆ ನಡೆಸಬೇಕು. ಅದರ ತಲೆಯೂ ಕುಸಿದಿದ್ದರೆ ತಪ್ಪು ಔಷಧದ್ದಲ್ಲ. ಆಂಟಾಗೊನಿಸ್ಟ್ ಹಾಕಿದ ಕೂಡಲೇ ಅವಸರದಿಂದ ಅಗೋನಿಸ್ಟ್ ಸುರಿದರೆ ಸಮಸ್ಥಿತಿ ಬಂದಿರುವುದಿಲ್ಲ, ಕಡಿಮೆ ಸಾಂದ್ರತೆಗಳಲ್ಲಿ ಸರಿದಾಟ ಚಿಕ್ಕದಾಗಿ ಕಾಣುತ್ತದೆ, ಶಿಲ್ಡ್ ಇಳಿಜಾರು 1ನ್ನು ದಾಟಿಬಿಡುತ್ತದೆ.

ಫಿನಾಕ್ಸಿಬೆಂಜಮಿನ್‌ನ ಈ ಹಠವೇ ಶಸ್ತ್ರಚಿಕಿತ್ಸೆಯಲ್ಲಿ ಉಪಯೋಗಕ್ಕೆ ಬಂದದ್ದು. ಅಡ್ರಿನಲ್ ಗ್ರಂಥಿಯ ಫಿಯೊಕ್ರೊಮೊಸೈಟೋಮಾ ಗಡ್ಡೆಯನ್ನು ಸರ್ಜನ್ ಮುಟ್ಟಿದ ಗಳಿಗೆಯಲ್ಲಿ ಅಡ್ರಿನಲಿನ್, ನಾರ್‌ಅಡ್ರಿನಲಿನ್ ರಕ್ತಕ್ಕೆ ನುಗ್ಗುತ್ತವೆ. ಸ್ಪರ್ಧಾತ್ಮಕ ತಡೆ ಇದ್ದಲ್ಲಿ ಆ ನುಗ್ಗಾಟ ಅದನ್ನು ಸ್ವಲ್ಪ ಹೊತ್ತಾದರೂ ಮೀರಬಹುದು. ಬೆಸೆದುಕೊಂಡ ರಿಸೆಪ್ಟರ್‌ಗಳನ್ನು ಮೀರಲಾಗದು. ಆದ್ದರಿಂದ ಸುಮಾರು 10ರಿಂದ 14 ದಿನ ಮೊದಲಿನಿಂದಲೇ ಫಿನಾಕ್ಸಿಬೆಂಜಮಿನ್ ಕೊಟ್ಟು ತಯಾರು ಮಾಡುವ ಪದ್ಧತಿ ಬಂತು. ಅದೇ ಗುಣ ಗಡ್ಡೆ ಹೊರಬಂದ ಮೇಲೆ ತೊಡಕಾಗುತ್ತದೆ. ಹಾರ್ಮೋನಿನ ಮೂಲ ಹೋಯಿತು, ತಡೆ ಉಳಿಯಿತು. ರಕ್ತದೊತ್ತಡ ಇಳಿದಾಗ ನಾರ್‌ಅಡ್ರಿನಲಿನ್ ಕೊಟ್ಟರೂ ರಿಸೆಪ್ಟರ್‌ಗಳು ಸಾಕಷ್ಟು ಸ್ಪಂದಿಸುವುದಿಲ್ಲ. ಜೀವಕೋಶಗಳು ಹೊಸ ರಿಸೆಪ್ಟರ್ ಕಟ್ಟಿಕೊಳ್ಳುವವರೆಗೆ, ಅಂದರೆ ದಿನಗಟ್ಟಲೆ, ಇದು ನಡೆಯುತ್ತದೆ. ಇದೇ ಕಾರಣಕ್ಕೆ ಡಾಕ್ಸಜೋಸಿನ್‌ನಂಥ ಸ್ಪರ್ಧಾತ್ಮಕ ಔಷಧವನ್ನು ಆರಿಸುವ ವೈದ್ಯರೂ ಇದ್ದಾರೆ.

ಆರ್ಗನೊಫಾಸ್ಫೇಟ್ ರೋಗಿಯ ದೇಹದಲ್ಲಿ ಈ ಎರಡು ತತ್ವಗಳೂ ಒಟ್ಟಿಗೆ ಇವೆ. ರಿಸೆಪ್ಟರ್‌ನ ಮೇಲೆ ಅಟ್ರೋಪಿನ್‌ನ ಸ್ಪರ್ಧೆ, ಮೀರಬಹುದಾದದ್ದು. ಕಿಣ್ವದ ಮೇಲೆ ವಿಷದ ಬೆಸುಗೆ, ಮೀರಲಾಗದ್ದು. ಕಿಣ್ವವು ರಿಸೆಪ್ಟರ್ ಅಲ್ಲವಾದ್ದರಿಂದ ಅಲ್ಲಿ ಆಂಟಾಗೊನಿಸಂ ಎಂಬ ಮಾತು ಹೊಂದದು. ಆದರೆ ಚಿತ್ರ ಅದೇ: ಕಿಣ್ವದ ಗರಿಷ್ಠ ವೇಗ ಕುಸಿದಿದೆ, ಅಸಿಟೈಲ್‌ಕೋಲಿನ್ ಎಷ್ಟು ಗುಡ್ಡೆ ಬಿದ್ದರೂ ಅದು ಮರಳುವುದಿಲ್ಲ. ಆ ಬೆಸುಗೆಯನ್ನು ಬಿಡಿಸುವ ಔಷಧ ಪ್ರಾಲಿಡಾಕ್ಸಿಮ್, ವಾರ್ಡಿನ ಮಾತಿನಲ್ಲಿ ಪ್ಯಾಮ್. ಅದಕ್ಕೂ ಒಂದು ಗಡುವು ಇದೆ. ಕಾಲ ಸರಿದಂತೆ ಬೆಸೆದ ಗುಂಪಿನ ರಚನೆ ಬದಲಾಗಿ ಕಿಣ್ವ ಮತ್ತೆಂದೂ ಬಿಡಿಸಲಾಗದ ಸ್ಥಿತಿಗೆ ಹೋಗುತ್ತದೆ. ಡೈಮಿಥೋಯೇಟ್, ಮೊನೊಕ್ರೊಟೊಫಾಸ್‌ನಂಥ ಡೈಮಿಥೈಲ್ ಗುಂಪಿನಲ್ಲಿ ಬೆಸೆದ ಕಿಣ್ವದ ಅರ್ಧ ಭಾಗ ಸುಮಾರು 3.7 ಗಂಟೆಯಲ್ಲೇ ಹೀಗಾಗುತ್ತದೆ. ಕ್ಲೋರ್‌ಪೈರಿಫಾಸ್‌ನಂಥ ಡೈಈಥೈಲ್ ಗುಂಪಿನಲ್ಲಿ ಅದಕ್ಕೆ ಸುಮಾರು 33 ಗಂಟೆ ಹಿಡಿಯುತ್ತದೆ. ಪ್ಯಾಮ್‌ನಿಂದ ಸಾವು ಎಷ್ಟು ತಪ್ಪುತ್ತದೆ ಎಂಬ ಬಗ್ಗೆ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ಆದರೂ ರೋಗಿಯ ಜತೆ ಬಂದವರು ಕೀಟನಾಶಕದ ಡಬ್ಬಿಯನ್ನು ಆಸ್ಪತ್ರೆಗೆ ತಂದರೆ, ಅದರ ಮೇಲಿನ ರಾಸಾಯನಿಕದ ಹೆಸರಿನಿಂದ ಈ ಗಡುವು ಎಷ್ಟು ಗಂಟೆಗಳದ್ದು ಎಂದು ಅಂದಾಜಿಸಬಹುದು. ಗಡುವು ಮೀರಿದ ಮೇಲೆ ಹೊಸ ಕಿಣ್ವ ತಯಾರಾಗುವವರೆಗೆ ರೋಗಿಯನ್ನು ಉಳಿಸಿಕೊಳ್ಳಬೇಕಾದದ್ದು ವೆಂಟಿಲೇಟರ್ ಮತ್ತು ಮೀರಬಹುದಾದ ಆ ಅಟ್ರೋಪಿನ್ ತಡೆ, ಗಂಟೆಗಂಟೆಗೂ ಎದೆಯ ಸದ್ದು ಕೇಳಿ ಹೊಂದಿಸುತ್ತ.